ಗಾಜಿಲ್ಲದ ಕನ್ನಡಕ

ಕಂಠಪ್ಪನ ಮುಖ ನೋಡಬೇಕೆನ್ನುವವರು ಈಗಲೂ ಸರಗೂರಿನ ಅಕ್ಕಿ ಗಿರಣಿಗೆ ಹೋಗಬಹುದು. ಹುಣಸೂರಿನ ಗಿರಣಿಯಾದರೂ ಸರಿಯೇ. ಗಲ್ಲಾಪೆಟ್ಟಿಗೆಯ ಪಕ್ಕ ಮೊಳೆಗೆ ದಾರ ಕಟ್ಟಿ ನೇತುಹಾಕಿರುವ ಭತ್ತದ ಸಿಪ್ಪೆ ಸುಲಿಯುವ ಹಲ್ಲರ್ ಯಂತ್ರದ ಕ್ಯಾಟಲಾಗು ಸಿಗುತ್ತದೆ. ಅದರ ಮೂರನೆಯ ಪುಟ ತಿರುವಿದರೆ ಸುಣ್ಣ ಹೊಡೆದ ಗೋಡೆ, ತೊಳೆದ ಸಿಮೆಂಟ್ ನೆಲ, ಸಾಲಾಗಿ ನಿಲ್ಲಿಸಿದ ಯಂತ್ರಗಳು. ಪಕ್ಕದಲ್ಲಿ ಸಾಣೆಚಕ್ರದ ಮುಂದೆ ಚರ್ಮದ ಏಪ್ರನ್ ಕಟ್ಟಿ, ತೋಳಿನ ಗುಂಡಿ ಹಾಕಿ, ಕಣ್ಣಿಗೆ ಕನ್ನಡಕ ಧರಿಸಿ ನಿಂತಿರುವವನು ಅವನು. ಕೆಳಗೆ ಹೆಸರಿಲ್ಲ. 'ನಮ್ಮ ಕಾರ್ಖಾನೆಯ ಒಳನೋಟ' ಎಂದಷ್ಟೇ ಇದೆ.

ಆ ಚಿತ್ರ ತೆಗೆದವನು ಕೃಷ್ಣರಾಜನಗರದ ಸ್ಟೇಷನ್ ರಸ್ತೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಸಿದ್ದಮಲ್ಲಪ್ಪ. ಕಂಠಪ್ಪನೂ ಅವನೂ ಕಂಪಲಾಪುರದವರು. ಒಂದೇ ಜಗಲಿಯ ಮೇಲೆ ಅಕ್ಷರ ತಿದ್ದಿದವರು, ಒಂದೇ ಬೇಲಿಯ ಸೀಬೆಕಾಯಿ ಕದ್ದವರು. ಸಿದ್ದಮಲ್ಲಪ್ಪ ಮೈಸೂರಿಗೆ ಹೋಗಿ ಪಟ ತೆಗೆಯುವುದನ್ನು ಕಲಿತು ಬಂದ. ಕಂಠಪ್ಪ ವೀರಭದ್ರಸ್ವಾಮಿಯವರ ಎರಕದ ಕಾರ್ಖಾನೆ ಸೇರಿದ. ಅಚ್ಚಿನಿಂದ ಹೊರಬಂದ ಕಬ್ಬಿಣದ ಎರಕಕ್ಕೆ ಅಂಚಿನುದ್ದಕ್ಕೂ ಮುಳ್ಳುಮುಳ್ಳಾಗಿ ಹೆಚ್ಚುವರಿ ಕಬ್ಬಿಣ ಅಂಟಿರುತ್ತದೆ. ಅದನ್ನು ಉಳಿಯಿಂದ ಕಡಿದು, ಸಾಣೆಚಕ್ರಕ್ಕೆ ಹಿಡಿದು ನಯ ಮಾಡುವುದು ಅವನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮುಖದ ಮುಂದೆ ಕಿಡಿ. ಸಂಜೆ ಸ್ಟುಡಿಯೋದ ಮೆಟ್ಟಿಲ ಮೇಲೆ ಬಂದು ಕೂತರೆ ಹುಬ್ಬಿನಲ್ಲಿ ಕಬ್ಬಿಣದ ಪುಡಿ ಮಿನುಗುತ್ತಿತ್ತು.

"ನಿನ್ ಉಬ್ಬಿಗೆ ಅಯಸ್ಕಾಂತ ಇಡುದ್ರೆ ಮೊಳೆ ಮಾಡ್ಕೋಬೌದು ಕಣ್ಲಾ" ಎನ್ನುತ್ತಿದ್ದ ಸಿದ್ದಮಲ್ಲಪ್ಪ.

"ಮಾಡ್ಕೊ. ಆ ಮೊಳೇಲಿ ನಿನ್ ಪಟಾನೇ ನೇತಾಕು" ಎನ್ನುತ್ತಿದ್ದ ಕಂಠಪ್ಪ.

ಅವನ ಒಂದೇ ಒಂದು ಆಸೆ ಸಿದ್ದಮಲ್ಲಪ್ಪನಿಗೆ ಗೊತ್ತಿತ್ತು. ಒಂದು ಒಳ್ಳೆಯ ಪಟ. ಮದುವೆಯಲ್ಲಿ ತೆಗೆದ ಪಟದಲ್ಲಿ ಬಾಸಿಂಗ ಜಾರಿ ಮುಖದ ಮೇಲೆ ಬಿದ್ದಿತ್ತು. ಪುಕ್ಕಟೆ ತೆಗೆದುಕೊಡುತ್ತೇನೆ ಬಾ ಎಂದರೆ ಬರುತ್ತಿರಲಿಲ್ಲ. "ಸುಮ್ಕೆ ಕುರ್ಚಿ ಮ್ಯಾಲೆ ಕುಂತ್ಕೊಂಡು ಏನ್ ಪಟ? ಗೇಯ್ತಾ ಇರೋವಾಗ ತಗಿ" ಎನ್ನುತ್ತಿದ್ದ.

ಐವತ್ತನಾಲ್ಕರ ಬೇಸಿಗೆಯಲ್ಲಿ ಆ ದಿನ ಬಂತು.

ವೀರಭದ್ರಸ್ವಾಮಿ ಕೆಟ್ಟ ಮನುಷ್ಯರಲ್ಲ. ಭತ್ತದ ವ್ಯಾಪಾರದಿಂದ ಯಂತ್ರದ ವ್ಯಾಪಾರಕ್ಕೆ ಬಂದವರು. ಹೆಗ್ಗಡದೇವನಕೋಟೆಯಿಂದ ಹಿಡಿದು ಪಿರಿಯಾಪಟ್ಟಣದವರೆಗೆ ಅವರ ಹಲ್ಲರ್ ಓಡುತ್ತಿತ್ತು. ಆ ವರ್ಷ ಹೊರಜಿಲ್ಲೆಗಳಿಗೂ ಮಾರಬೇಕೆಂಬ ಹಂಬಲ ಹತ್ತಿತು. ಯಾರೋ ಅವರಿಗೆ ವಿಲಾಯಿತಿಯ ಒಂದು ಯಂತ್ರದ ಕ್ಯಾಟಲಾಗು ಕೊಟ್ಟಿದ್ದರು. ಮಿರುಗುವ ಕಾಗದ, ಕನ್ನಡಿಯಂಥ ನೆಲ, ಒಬ್ಬೊಬ್ಬ ಕೆಲಸಗಾರನೂ ಆಸ್ಪತ್ರೆಯ ಡಾಕ್ಟರಂತೆ ಶುಭ್ರ. ಅದನ್ನು ಸಿದ್ದಮಲ್ಲಪ್ಪನ ಮುಂದೆ ಹರಡಿ, "ಇದರ ಹಾಗೇ ಬರಬೇಕು. ಒಂದು ಕೂದಲೂ ಹೆಚ್ಚುಕಮ್ಮಿ ಆಗಬಾರದು" ಎಂದರು.

ಒಂದು ವಾರ ಕಾರ್ಖಾನೆಯಲ್ಲಿ ಎರಕ ನಿಂತಿತು. ಕಪ್ಪು ಅಚ್ಚುಮರಳಿನ ಗುಡ್ಡೆಗಳನ್ನು ಹಿತ್ತಲಿಗೆ ಸಾಗಿಸಿದರು. ಗೋಡೆಗೆ ಎರಡು ಸಲ ಸುಣ್ಣ ಬಿತ್ತು. ನೆಲವನ್ನು ಸೋಡಾ ಹಾಕಿ ಉಜ್ಜಿದರು. ಮೋಟಾರಿನಿಂದ ಬರುವ ಬೆಲ್ಟಿನ ಸುತ್ತ ವಿಲಾಯಿತಿ ಚಿತ್ರದಲ್ಲಿದ್ದಂತೆಯೇ ಕಬ್ಬಿಣದ ಜಾಲರಿಯ ಬೇಲಿ ಎದ್ದಿತು. ಸಾಣೆಚಕ್ರದ ತಗಡಿನ ಕವಚ ಎಂದೋ ಕಳಚಿ ಮೂಲೆ ಸೇರಿತ್ತು. ಅದಕ್ಕೆ ಬಣ್ಣ ಹೊಡೆದು ಮತ್ತೆ ಬಿಗಿದರು. ಚಕ್ರದ ಮುಂದೆ ಕೆಲಸದ ತುಂಡನ್ನು ಊರುವ ಪಟ್ಟಿ, ಚಕ್ರ ಸವೆದಂತೆಲ್ಲ, ಹೆಬ್ಬೆರಳು ತೂರುವಷ್ಟು ದೂರವಾಗಿತ್ತು. ಅದನ್ನು ಚಕ್ರಕ್ಕೆ ತಾಗುವುದೋ ಎಂಬಷ್ಟು ಹತ್ತಿರ ತಂದು ಬೋಲ್ಟ್ ಬಿಗಿದರು. ಹತ್ತಿರವಿದ್ದರೇ ತುಂಡು ಚಕ್ರದ ಸಂದಿಗೆ ಸಿಕ್ಕಿ ಸಿಡಿಯುವುದಿಲ್ಲ. ಇದೆಲ್ಲ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯವೇ. ಮಾಡಲು ಪುರುಸೊತ್ತು ಸಿಕ್ಕಿದ್ದು ಆ ವಾರ.

ಹಲ್ಲರಿನ ಬಿಡಿಭಾಗಗಳ ಚಿತ್ರ ಮೊದಲು ಮುಗಿಯಿತು. ಬಿಳಿ ಪಂಚೆಯ ಮೇಲೆ ಭತ್ತ ಸುರಿಯುವ ಬಾಯಿ, ಉದ್ದಕ್ಕೂ ಗೆರೆ ತೋಡಿದ ಎರಕದ ಉರುಳೆ, ಅದರ ಕೆಳಗೆ ಕೂರುವ ಅರೆವೃತ್ತದ ಜಾಲರಿ, ಸಿಪ್ಪೆ ಸುಲಿಯುವ ಉಕ್ಕಿನ ಪಟ್ಟಿ, ಬೇರಿಂಗು, ರಾಟೆ, ಎಲ್ಲವನ್ನೂ ಯಂತ್ರದೊಳಗೆ ಸೇರುವ ಕ್ರಮದಲ್ಲೇ ಕಂಠಪ್ಪ ಜೋಡಿಸಿಕೊಟ್ಟ. ಆಮೇಲೆ ಕೆಲಸಗಾರನ ಚಿತ್ರ. ಯಾರನ್ನು ನಿಲ್ಲಿಸುವುದು ಎಂದಾಗ ಸಿದ್ದಮಲ್ಲಪ್ಪ ಗೆಳೆಯನ ಹೆಸರು ಹೇಳಿದ. ಸಾಹುಕಾರರು ಅವನ ಮೈಕಟ್ಟು ನೋಡಿ ಒಪ್ಪಿದರು.

ಕಂಠಪ್ಪನ ಪಂಚೆ ಹೋಗಿ ಪ್ಯಾಂಟು ಬಂತು. ತಲೆಯ ವಸ್ತ್ರ ಬಿಚ್ಚಿಸಿದರು. ಸಾಹುಕಾರರ ಷಡ್ಡಕ ರೈಲ್ವೆಯಲ್ಲಿದ್ದರು. ಅವರ ಮೂಲಕ ಎರವಲು ತಂದ ಒಂದು ಕನ್ನಡಕ ಬಂತು. ಗುಂಡನೆಯ ಗಾಜು, ಕಣ್ಣಿನ ಪಕ್ಕವನ್ನೂ ಮುಚ್ಚುವ ಬಟ್ಟಲು, ತಲೆಯ ಹಿಂದೆ ಹಿಡಿಯುವ ರಬ್ಬರ್ ಪಟ್ಟಿ. ಕಂಠಪ್ಪ ಅದನ್ನು ಹಾಕಿಕೊಂಡು, ನಿಜವಾಗಿಯೇ ಒಂದು ತುಂಡನ್ನು ಚಕ್ರಕ್ಕೆ ಹಿಡಿದ. ಕಿಡಿಗಳು ಗಾಜಿಗೆ ಬಡಿದು ಚಿಟಿಚಿಟಿ ಎಂದವು. ಅವನು ಕೆಲಸ ನಿಲ್ಲಿಸಿ, ಕನ್ನಡಕ ತೆಗೆದು, ಗಾಜನ್ನು ಮುಟ್ಟಿ ನೋಡಿದ.

"ಲೋ ಸಿದ್ದ, ಕಣ್ಣು ಬುಟ್ಕೊಂಡೇ ಕೆಲ್ಸ ಮಾಡ್ಬೋದು ಕಣ್ಲಾ ಇದ್ರಾಗೆ! ಇಷ್ಟು ದಿನ ನಾನು ಅರ್ಧ ಕಣ್ಣು ಮುಚ್ಕೊಂಡೇ ಗೇದಿದ್ದು."

ಚಿತ್ರಕ್ಕೆ ಚಕ್ರ ನಿಲ್ಲಿಸಬೇಕಾಯಿತು. ಮೂರುಕಾಲಿನ ಮೇಲಿನ ದೊಡ್ಡ ಕ್ಯಾಮರಾ, ಒಳಗೆ ಫಿಲ್ಮಿನ ಬದಲು ಗಾಜಿನ ಪ್ಲೇಟು. ಕಾರ್ಖಾನೆಯ ಬೆಳಕಿಗೆ ನಾಲ್ಕೈದು ಎಣಿಸುವಷ್ಟು ಹೊತ್ತು ಮುಚ್ಚಳ ತೆರೆದಿರಬೇಕು, ಅಷ್ಟು ಹೊತ್ತೂ ಮನುಷ್ಯ ಅಲುಗಬಾರದು. ಸಿದ್ದಮಲ್ಲಪ್ಪ ಕರಿಬಟ್ಟೆಯೊಳಗೆ ತಲೆ ತೂರಿಸಿ ನೋಡಿದರೆ, ತಲೆಕೆಳಗಾಗಿ ಕಂಡ ಕಂಠಪ್ಪನಿಗೆ ಕಣ್ಣೇ ಇರಲಿಲ್ಲ. ಕಿಟಕಿಯ ಬೆಳಕು ಎರಡೂ ಗಾಜಿನ ಮೇಲೆ ಕೂತು ಎರಡು ಬಿಳಿ ಬಿಲ್ಲೆಗಳಾಗಿತ್ತು. ಮುಖ ತಿರುಗಿಸಿದರು, ಕಿಟಕಿಗೆ ಗೋಣಿ ಕಟ್ಟಿದರು. ಗೋಣಿ ಕಟ್ಟಿದರೆ ಕಾರ್ಖಾನೆ ಕತ್ತಲಾಗುತ್ತಿತ್ತು.

ಕೊನೆಗೆ ಪಟದವರು ಇಂಥಲ್ಲಿ ಮಾಡುವುದನ್ನೇ ಸಿದ್ದಮಲ್ಲಪ್ಪ ಮಾಡಿದ. ಮೇಷ್ಟರುಗಳ, ಅಮಲ್ದಾರರ ಪಟ ತೆಗೆಯುವಾಗಲೂ ಅವನು ಹಾಗೆ ಮಾಡುತ್ತಿದ್ದ. ಸ್ಟುಡಿಯೋದಲ್ಲಿ ಅದಕ್ಕೆಂದೇ ಗಾಜಿಲ್ಲದ ಎರಡು ಫ್ರೇಮು ಇಟ್ಟಿದ್ದ. ಈ ಕನ್ನಡಕದ ಗಾಜು ತಿರುಪಿನ ಬಳೆಯಲ್ಲಿ ಕೂತಿತ್ತು. ಎರಡನ್ನೂ ತಿರುಗಿಸಿ ಬಿಚ್ಚಿ, ಕರ್ಚೀಫಿನಲ್ಲಿ ಸುತ್ತಿ ಸಾಹುಕಾರರ ಕೈಗೇ ಕೊಟ್ಟ. ಬಳೆ ಮತ್ತೆ ಬಿಗಿದ.

ಕಂಠಪ್ಪ ಬರಿ ಫ್ರೇಮು ಹಾಕಿಕೊಂಡು, ತೋರುಬೆರಳನ್ನು ಅದರೊಳಗೆ ತೂರಿಸಿ ರೆಪ್ಪೆ ತುರಿಸಿಕೊಂಡ. ಕಾರ್ಖಾನೆಯೆಲ್ಲ ನಕ್ಕಿತು. ಸಾಹುಕಾರರೂ ನಕ್ಕರು.

"ನಗಬ್ಯಾಡ್ಲಾ, ಅಲುಗಿ ಓಯ್ತದೆ" ಎಂದ ಸಿದ್ದಮಲ್ಲಪ್ಪ. ಕಂಠಪ್ಪ ಉಸಿರು ಹಿಡಿದ. ಆ ನಗು ಕಣ್ಣಿನಲ್ಲಿ ಸ್ವಲ್ಪ ಉಳಿದಿದ್ದಾಗಲೇ ಮುಚ್ಚಳ ತೆರೆದು ಮುಚ್ಚಿತು.

ಸಂಜೆಗೆ ಗಾಜು ಸೇರಿಸಿ ಕನ್ನಡಕವನ್ನು ಹಿಂದಕ್ಕೆ ಕಳಿಸಿದರು. ಕಂಠಪ್ಪ ಕೇಳಿದ, "ಯಜಮಾನ್ರೇ, ಇಂಥದ್ದೊಂದು ನಮ್ಗೂ ತರ್ಸುದ್ರೆ..."

"ತರಿಸೋಣ ತರಿಸೋಣ. ಮೊದಲು ಬುಕ್ಕು ಬರಲಿ" ಎಂದರು. ಅವರು ಸುಳ್ಳು ಹೇಳಲಿಲ್ಲ. ಆ ಕ್ಷಣಕ್ಕೆ ತರಿಸುವ ಮನಸ್ಸು ಅವರಿಗೆ ಇದ್ದೇ ಇತ್ತು. ಮರುದಿನ ಮರಳು ಒಳಗೆ ಬಂತು. ಬೆಲ್ಟಿನ ಬೇಲಿ ಓಡಾಟಕ್ಕೆ ಅಡ್ಡವೆಂದು ಹೊರಗೆ ಹೋಯಿತು. ಚಕ್ರದ ಕವಚ ಮತ್ತೆ ಕಳಚಿ ಮೂಲೆ ಸೇರಿತು. ಊರುವ ಪಟ್ಟಿ ಚಕ್ರ ಸವೆದಂತೆ ಮತ್ತೆ ದೂರವಾಯಿತು.

ಅಚ್ಚಾಗಿ ಬಂದ ಕ್ಯಾಟಲಾಗನ್ನು ಸಿದ್ದಮಲ್ಲಪ್ಪ ತಿರುವಿ ನೋಡಿದಾಗ ಒಂದು ವಿಷಯ ಗಮನಕ್ಕೆ ಬಂತು. ಅವನು ಕೊಟ್ಟ ಪ್ರಿಂಟಿನಲ್ಲಿ ಇರದಿದ್ದ ಎರಡು ಸಣ್ಣ ಬಿಳಿ ಹೊಳಪು ಕನ್ನಡಕದ ಮೇಲಿದ್ದವು. ಪ್ರಿಂಟು ನೋಡಿ ಅಚ್ಚಿಗೆ ಲೋಹದ ಬ್ಲಾಕು ಮಾಡಿದವನು, ಕನ್ನಡಕ ಖಾಲಿ ಕಾಣುತ್ತದೆಂದು ಕುಂಚದಿಂದ ಇಟ್ಟ ಹೊಳಪು. ಚೆನ್ನಾಗಿಯೇ ಇತ್ತು. ಪಳಗಿದ ಕೈ. ಅದಿಲ್ಲದಿದ್ದರೆ ಯಂತ್ರ ಕೊಳ್ಳುವವರ ಕಣ್ಣಿಗೆ ಏನೋ ಕೊರೆ ಕಾಣುತ್ತಿತ್ತು. ಸಿದ್ದಮಲ್ಲಪ್ಪ ಮನಸ್ಸಿನಲ್ಲೇ ಶಹಬ್ಬಾಸ್ ಎಂದ.

ಕಂಠಪ್ಪನ ಸಂಭ್ರಮ ಹೇಳತೀರದು. ಅವನ ಹೆಂಡತಿ ಸುಂದ್ರಮ್ಮ ಆ ಪುಟವನ್ನು ದೇವರ ಗೂಡಿನ ಪಕ್ಕ ಅಂಟಿಸಿದಳು. ಕಂಪಲಾಪುರದಲ್ಲಿ ಅವನ ದೊಡ್ಡಪ್ಪನ ಮಕ್ಕಳು, "ಇದ್ಯಾರ್ಲಾ ದೊರೆ? ಪಾತಾಳಕ್ಕೆ ಇಳಿಯೋವ್ನಂಗೆ ಕಣ್ಣಿಗೆ ಡಬ್ಬಿ ಕಟ್ಕೊಂಡವ್ನೆ!" ಎಂದು ಆಡಿಕೊಂಡರು. ಸರಗೂರಿಗೆ ಹಲ್ಲರ್ ಕೂರಿಸಲು ಹೋದಾಗ ಗಿರಣಿಯ ಮಾಲೀಕರು ಗುರುತು ಹಿಡಿದು, "ಬುಕ್ಕಿನಾಗಿರೋ ಕನ್ನಡಕದವ್ರಲ್ವಾ? ಕನ್ನಡಕ ಎಲ್ ಬುಟ್ಬಂದ್ರಿ?" ಎಂದು ಕಾಫಿ ತರಿಸಿದ್ದರಂತೆ. ಕಂಠಪ್ಪ ನಕ್ಕು, "ಕಾರ್ಖಾನೇಲಿ ಐತೆ ಕಣ್ರೀ" ಎಂದನಂತೆ. ಅದನ್ನು ಹೇಳಿಕೊಂಡು ಸ್ಟುಡಿಯೋದ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ನಕ್ಕಿದ್ದ.

ಮರುವರ್ಷ ಸುಗ್ಗಿಗೆ ಮುಂಚೆ, ಕೆಲಸದ ಒತ್ತಡದ ದಿನಗಳಲ್ಲಿ, ಎರಕದ ಅಂಚಿನಿಂದ ಒಂದು ಚೂರು ಸಿಡಿದು ಅವನ ಎಡಗಣ್ಣಿನೊಳಗೆ ಹೋಯಿತು. ಸಾಸಿವೆಯಷ್ಟೂ ಇರಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಅಯಸ್ಕಾಂತ ಹಿಡಿದು ಚೂರನ್ನೇನೋ ತೆಗೆದರು. ಕಣ್ಣಿನ ದೃಷ್ಟಿ ಹೋಗಿತ್ತು. ಕಣ್ಣಿನ ಡಾಕ್ಟರು ಮೆದುಮಾತಿನವರು. ಸಿದ್ದಮಲ್ಲಪ್ಪನನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು: "ಈ ಕಣ್ಣು ಇನ್ನು ನೋಡೋದಿಲ್ಲ. ಆಳಕ್ಕೆ ಗಾಯವಾದ ಕಣ್ಣನ್ನ ಹಾಗೇ ಬಿಟ್ಟರೆ ಕೆಲವರಿಗೆ ಒಳ್ಳೆ ಕಣ್ಣಿಗೂ ಉರಿ ಏರಿ ಅದೂ ಹೋಗುತ್ತೆ. ಎಲ್ಲರಿಗೂ ಆಗೋದಿಲ್ಲ. ಆದರೆ ಆದಮೇಲೆ ನನ್ನ ಕೈಲಿ ಏನೂ ಇಲ್ಲ. ಎರಡು ವಾರದೊಳಗೆ ತೆಗೆಸಿಬಿಡಿ."

ಕಂಠಪ್ಪ ಹೂಂ ಎಂದು ಊರಿಗೆ ಬಂದ. ಬಂದವನು ಕಾರ್ಖಾನೆಗೆ ಹೋಗಿ ಸಾಹುಕಾರರನ್ನು ಕಂಡ. ಅಲ್ಲಿ ಅವನಿಗೆ ಸಿಕ್ಕ ಮಾತು, "ಕನ್ನಡಕ ಹಾಕ್ಕೊಂಡು ಕೆಲಸ ಮಾಡಬೇಕಿತ್ತು, ಕಂಠಪ್ಪ."

"ಯಾವ ಕನ್ನಡಕ, ಯಜಮಾನ್ರೇ?"

ಸಾಹುಕಾರರು ಮೇಜಿನ ಮೇಲಿದ್ದ ಕ್ಯಾಟಲಾಗಿನ ಮೂರನೆಯ ಪುಟ ತೆರೆದು ಅವನತ್ತ ತಿರುಗಿಸಿದರು. ಅವರ ಮುಖದಲ್ಲಿ ಕಪಟವಿರಲಿಲ್ಲ ಎಂದೇ ಕಂಠಪ್ಪ ಆಮೇಲೆ ಹೇಳಿದ್ದು. ಒಂದೂವರೆ ವರ್ಷ ದಿನಾ ಆ ಚಿತ್ರ ನೋಡಿ ನೋಡಿ, ತಾವು ಕನ್ನಡಕ ಕೊಡಿಸಿದ್ದೇವೆಂದೇ ಅವರು ನಂಬಿಬಿಟ್ಟಿದ್ದರು.

ಕನ್ನಡಕ ಕೊಟ್ಟಿದ್ದೂ ಆಳು ಬೇಕೆಂದೇ ಹಾಕಿಕೊಳ್ಳದೆ ಕಣ್ಣು ಕಳೆದುಕೊಂಡರೆ ಪರಿಹಾರ ಕೊಡುವ ಹೊಣೆ ಯಜಮಾನರದಲ್ಲ ಎಂದು ಕಾನೂನಿನಲ್ಲಿತ್ತು. ವಿಚಾರಣೆಗೆ ಮೈಸೂರಿನಿಂದ ಕಾರ್ಮಿಕ ಇಲಾಖೆಯ ಅಧಿಕಾರಿ ಬರುತ್ತಾರೆಂದಾಯಿತು. ಕಂಠಪ್ಪ ಪರಿಹಾರದ ಮಾತನ್ನು ಹೆಚ್ಚಾಗಿ ಆಡಲಿಲ್ಲ. ಅವನನ್ನು ಸುಟ್ಟದ್ದು ಬೇರೆ. ಹದಿನಾಲ್ಕು ವರ್ಷ ಆ ಚಕ್ರದ ಮುಂದೆ ನಿಂತವನನ್ನು, ಕೊಟ್ಟ ವಸ್ತುವನ್ನು ಬಿಸಾಡಿ ತನ್ನ ಕಣ್ಣನ್ನು ತಾನೇ ಕಳೆದುಕೊಂಡ ಉಡಾಳ ಅಂದರು. ಅಧಿಕಾರಿ ಬರಲಿ, ತೋರಿಸುತ್ತೇನೆ ಎಂದು ಕೂತ. ತೋರಿಸಲು ಅವನ ಬಳಿ ಇದ್ದದ್ದು ಆ ಕಣ್ಣು.

ಸಿದ್ದಮಲ್ಲಪ್ಪ ದಿನಾ ಸಂಜೆ ಹೋಗಿ ಬೇಡಿಕೊಂಡ. "ಡಾಕ್ಟ್ರು ಏಳಿದ್ದು ಮರ್ತ್ಯಾ? ನಡಿಯೋ ಮಾರಾಯ, ನಾಳೆ ಬೆಳಗ್ಗೆ ರೈಲಿಗೆ ಓಗಿ ತಗುಸ್ಕೊಂಡು ಬರಾನ."

"ತಗುಸ್ಕೊಂಡ್ ಮ್ಯಾಲೆ ಅವ್ರಿಗೆ ಏನ್ ತೋರುಸ್ಲಿ? ಬರಿ ಗುಳಿ ತೋರುಸ್ದ್ರೆ, ಇದು ಉಟ್ದಾಗ್ಲಿಂದ್ಲೂ ಇಂಗೇ ಇತ್ತು ಅಂತಾರೆ. ಕಣ್ಣಿದ್ರೆ ಗಾಯ ಕಾಣ್ತದೆ, ಕಬ್ಣ ಒಕ್ಕಿದ್ದು ಕಾಣ್ತದೆ."

"ನಾನು ಪಟ ತಗೀತೀನಿ ಕಣ್ಲಾ. ಈ ಕಣ್ಣಿಂದು, ಅತ್ರದಿಂದ, ಒಂದು ಗೆರೆನೂ ಬುಡ್ದಂಗೆ. ಅದ್ನೇ ಅವ್ರ ಮುಂದೆ ಇಡಾನ."

ಕಂಠಪ್ಪ ಆಗ ನಕ್ಕ ನಗೆಯನ್ನು ಸಿದ್ದಮಲ್ಲಪ್ಪ ಮರೆಯಲಾರ. "ನಿನ್ ಪಟಾನ? ನಿನ್ ಪಟದಾಗೆ ನನ್ ಎರಡು ಕಣ್ಣೂ ಸೆಂದಾಕವೆ ಕಣೋ. ಅದ್ಕೇ ತಾನೆ ಇವತ್ತು ನನ್ ಮಾತು ಯಾರೂ ನಂಬ್ದಿರಾದು? ಪಟ ಬ್ಯಾಡ ಬುಡು. ಕಣ್ಣೇ ಇರ್ಲಿ."

ಸುಂದ್ರಮ್ಮ ಒಳಗಿನಿಂದ, "ಅಣ್ಣ ಏಳಾದು ಕೇಳ್ಬಾರ್ದಾ?" ಎಂದಳು. "ನೀನು ಸುಮ್ಕಿರು, ಇದು ಗಂಡುಸ್ರ ಮಾತು" ಎಂದು ಕಂಠಪ್ಪ ಅವಳ ಬಾಯಿ ಮುಚ್ಚಿಸಿದ.

ಅಧಿಕಾರಿ ಬರುವ ದಿನ ಮುಂದೆ ಹೋಯಿತು. ಸಾಹುಕಾರರು ಊರಿನಲ್ಲಿಲ್ಲವೆಂದು ಮತ್ತೊಮ್ಮೆ ಮುಂದೆ ಹೋಯಿತು. ಎರಡು ವಾರ ಕಳೆದು, ಎರಡು ತಿಂಗಳೂ ಕಳೆದವು. ಕಂಠಪ್ಪ ಬಿಸಿಲಿಗೆ ಬಂದರೆ ಬಲಗಣ್ಣನ್ನೂ ಕಿರಿದು ಮಾಡಿಕೊಳ್ಳುತ್ತಿದ್ದ. ಕೇಳಿದರೆ ನಿದ್ದೆಗೆಟ್ಟೆ ಎನ್ನುತ್ತಿದ್ದ.

ಕೊನೆಗೆ ಬಂದ ಅಧಿಕಾರಿ ಕಾರ್ಖಾನೆಯಲ್ಲೇ ಕುರ್ಚಿ ಹಾಕಿಸಿ ಕೂತರು. ಮತ್ತೆ ಸುಣ್ಣ ಹೊಡೆದಿತ್ತು. ಬೆಲ್ಟಿನ ಸುತ್ತ ಜಾಲರಿ ವಾಪಸು ಬಂದಿತ್ತು, ಸಾಣೆಚಕ್ರದ ಕವಚವೂ. ಚಕ್ರದ ಪಕ್ಕದ ಮೊಳೆಗೆ ಒಂದು ಕನ್ನಡಕ ನೇತಾಡುತ್ತಿತ್ತು. ಅದರ ರಬ್ಬರ್ ಪಟ್ಟಿಗೆ ಹೊಸ ರಬ್ಬರಿಗೆ ಅಂಗಡಿಯವರು ಹಾಕುವ ಬಿಳಿ ಪುಡಿ ಇನ್ನೂ ಅಂಟಿಕೊಂಡಿತ್ತು.

ಸಿದ್ದಮಲ್ಲಪ್ಪ ತಾನು ತಂದಿದ್ದ ಗಾಜಿನ ಪ್ಲೇಟನ್ನು ಮುಂದಿಟ್ಟು ನಡೆದದ್ದನ್ನು ನಡೆದಂತೆ ಹೇಳಿದ. ಎರವಲು ಕನ್ನಡಕ, ಬಿಚ್ಚಿದ ಗಾಜು, ಬ್ಲಾಕಿನವನು ಇಟ್ಟ ಹೊಳಪು. ಅಧಿಕಾರಿ ಪ್ಲೇಟನ್ನು ಕಿಟಕಿಗೆ ಹಿಡಿದು ನೋಡಿದರು. ಕರಿದು ಬಿಳಿದಾಗಿ, ಬಿಳಿದು ಕರಿದಾಗಿ ಕಂಠಪ್ಪ ಅಲ್ಲಿ ನಿಂತಿದ್ದ. ಫ್ರೇಮಿನೊಳಗೆ ಕಣ್ಣು ಸ್ಪಷ್ಟವಾಗಿತ್ತು.

"ಹೊಳಪಿಲ್ಲ, ನಿಜ" ಎಂದರು. "ನೀವು ಪ್ಲೇಟಿನ ಮೇಲೆ ಪೆನ್ಸಿಲಿನಿಂದ ತಿದ್ದೋದುಂಟೋ?"

"ಉಂಟು ಸ್ವಾಮಿ. ಎಲ್ಲಾ ಸ್ಟುಡಿಯೋದವ್ರೂ ತಿದ್ತಾರೆ. ಸಿಡುಬಿನ ಕಲೆ, ಸುಕ್ಕು..."

"ಇದರ ಮೇಲೂ ತಿದ್ದಿದ್ದೀರೋ?"

ಗೋಡೆಯ ಎರಡು ಕಲೆಗಳನ್ನು ಅವನು ತಿದ್ದಿದ್ದ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗೋಡೇಲಿ ಒಸಿ ತಿದ್ದಿವ್ನಿ."

"ಸರಿ. ಗೋಡೆ ತಿದ್ದಿದವರು ಗಾಜು ತಿದ್ದಿಲ್ಲ ಅಂತ ನಾನು ಹೇಗೆ ಹೇಳಲಿ? ನೀವು ಇವನ ಗೆಳೆಯರು ಬೇರೆ." ಗದರಿಸುವ ದನಿಯಲ್ಲ, ಬೇಸರದ ದನಿ. ಅವರು ಕಂಠಪ್ಪನ ಕಡೆ ತಿರುಗಿದರು. "ನೀನೇನಪ್ಪ ಹೇಳ್ತೀಯ?"

"ಗಾಜು ಇರ್ಲಿಲ್ಲ ಬುದ್ದಿ. ಬೆಟ್ಟು ತೂರ್ಸಿ ರೆಪ್ಪೆ ಕೆರ್ಕೊಂಡಿದ್ದೆ. ಇವ್ರೆಲ್ಲ ನಕ್ಕಿದ್ರು." ಅವನು ಸುತ್ತ ನಿಂತಿದ್ದವರ ಕಡೆ ಕೈ ತೋರಿದ. ಅಂದು ನಕ್ಕಿದ್ದ ಹತ್ತು ಹನ್ನೆರಡು ಜನ ನೆಲ ನೋಡಿದರು. ಎಲ್ಲರ ಮನೆಯ ಒಲೆಯೂ ಆ ಕಾರ್ಖಾನೆಯಿಂದಲೇ ಉರಿಯುತ್ತಿತ್ತು.

ಅಧಿಕಾರಿ ಕ್ಯಾಟಲಾಗನ್ನು ಅವನ ಕೈಗೆ ಕೊಟ್ಟರು. "ಇದು ನೀನೇ ತಾನೆ? ನೋಡಿ ಹೇಳು."

ಕಂಠಪ್ಪ ಪುಟವನ್ನು ಕಣ್ಣಿನ ಹತ್ತಿರ ತಂದ. ದೂರ ಹಿಡಿದ. ಬೆಳಕಿನ ಕಡೆ ತಿರುಗಿದ. ಮತ್ತೆ ಹತ್ತಿರ ತಂದ. ಪುಸ್ತಕ ಅವನ ಕೈಯಲ್ಲಿ ತಲೆಕೆಳಗಾಗಿತ್ತು.

ಸಿದ್ದಮಲ್ಲಪ್ಪನಿಗೆ ಎದ್ದು ಹೋಗಿ ಪುಸ್ತಕವನ್ನು ನೆಟ್ಟಗೆ ತಿರುಗಿಸಿ ಕೊಡಬೇಕೆನಿಸಿತು, ಕೈ ಏಳಲಿಲ್ಲ.

"ನಾನೇ ಬುದ್ದಿ" ಎಂದ ಕಂಠಪ್ಪ. ದೇವರ ಗೂಡಿನ ಪಕ್ಕ ದಿನವೂ ನೋಡಿದ ಚಿತ್ರ, ಅವನಿಗೆ ಕಣ್ಣು ಬೇಕಿರಲಿಲ್ಲ. "ಏಪ್ರನ್ ಕಟ್ಕೊಂಡಿವ್ನಿ. ಕನ್ನಡಕ ಆಕ್ಕೊಂಡಿವ್ನಿ. ನಾನೇ."

"ಕನ್ನಡಕ ಹಾಕ್ಕೊಂಡಿದ್ದೀಯ. ಅಷ್ಟು ಸಾಕು" ಎಂದು ಅಧಿಕಾರಿ ಬರೆದುಕೊಂಡರು.

ಅಂದೇ ಸಂಜೆಯ ಬಸ್ಸಿಗೆ ಸಿದ್ದಮಲ್ಲಪ್ಪ ಅವನನ್ನು ಮೈಸೂರಿಗೆ ಎಳೆದುಕೊಂಡು ಹೋದ. ಡಾಕ್ಟರು ಬಲಗಣ್ಣಿಗೆ ದೀಪ ಹಿಡಿದು ನೋಡಿದರು. ಉರಿ ಅದಕ್ಕೂ ಏರಿತ್ತು. ಎಡಗಣ್ಣನ್ನು ತೆಗೆದರು. ಬಲಗಣ್ಣಿಗೆ ಔಷಧಿ ಬಿಟ್ಟರು. ಯುಗಾದಿಯ ಹೊತ್ತಿಗೆ ಅವನಿಗೆ ಹಗಲು ಯಾವುದು ಇರುಳು ಯಾವುದು ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಆಮೇಲೆ ಅದೂ ಇಲ್ಲ.

ಪರಿಹಾರವೂ ಬರಲಿಲ್ಲ. ಮುಂದಿನ ಎರಡು ವರ್ಷ ಸುಂದ್ರಮ್ಮ ಸ್ಟೇಷನ್ನಿನ ಹತ್ತಿರ ಬೇಯಿಸಿದ ಕಡಲೆಕಾಯಿ ಮಾರಿದಳು. ಕಂಠಪ್ಪ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಪಟ ತೆಗೆಸಲು ಬಂದವರನ್ನು ಮಾತಾಡಿಸುತ್ತಿದ್ದ. "ಕನ್ನಡಕ ಐತಾ ಸ್ವಾಮಿ? ಉಸಾರು, ನಮ್ಮ ಸಿದ್ದ ಗಾಜು ಬಿಚ್ಕೊಬುಡ್ತಾನೆ" ಎನ್ನುತ್ತಿದ್ದ. ಅವರು ನಗುತ್ತಿದ್ದರು. ಸಿದ್ದಮಲ್ಲಪ್ಪನೂ ನಗಬೇಕಾಗುತ್ತಿತ್ತು. ಆ ಮಾತಿನಲ್ಲಿ ಮುಳ್ಳಿತ್ತೋ, ಬರಿಯ ಹಳೆಯ ಸಲಿಗೆಯಿತ್ತೋ, ಕೇಳುವ ಧೈರ್ಯ ಅವನಿಗೆ ಬರಲೇ ಇಲ್ಲ. ಈಗ ಕೇಳುವಂತೆಯೂ ಇಲ್ಲ.

ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಕಾಲುವೆಗೆ ಅಡ್ಡಲಾಗಿ ಒಂದು ಹಲಗೆ ಹಾಕಿತ್ತು. ಸಾಣೆಚಕ್ರದ ಸದ್ದಿನ ಜಾಡು ಹಿಡಿದು ಕಂಠಪ್ಪ ಆಗಾಗ ಆ ಕಡೆ ಹೋಗುತ್ತಿದ್ದ. ಗೇಟಿನ ಹೊರಗೆ ನಿಂತು, ಯಾರು ಹಿಡಿದಿದ್ದಾರೆ, ಎಷ್ಟು ಒತ್ತುತ್ತಿದ್ದಾರೆ ಎಂದು ಸದ್ದಿನಲ್ಲೇ ಹೇಳುತ್ತಿದ್ದ. ಐವತ್ತೆಂಟರ ಮಳೆಗಾಲದಲ್ಲಿ ಕಾಲುವೆ ತುಂಬಿದ್ದಾಗ ಹಲಗೆಯನ್ನು ಯಾರೋ ಮಾರುದೂರ ಸರಿಸಿದ್ದರು. ಕಣ್ಣಿದ್ದವರಿಗೆ ಅದು ತೊಂದರೆಯಾಗಲಿಲ್ಲ.

ಕಂಠಪ್ಪನ ತಿಥಿಗೆ ಮುಂಚೆ ಸುಂದ್ರಮ್ಮ ಸ್ಟುಡಿಯೋಕ್ಕೆ ಬಂದಳು. ಪೂಜೆಗೆ ಇಡಲು ಒಂದು ಪಟ ಬೇಕಿತ್ತು. ಮದುವೆಯದರಲ್ಲಿ ಮುಖವಿಲ್ಲ. ಇದ್ದದ್ದು ಒಂದೇ. ಸಿದ್ದಮಲ್ಲಪ್ಪ ಪ್ಲೇಟಿನಿಂದ ಮುಖವಷ್ಟನ್ನೇ ದೊಡ್ಡದು ಮಾಡಿ ತೋರಿಸಿದ. ಅವಳು ಬಹಳ ಹೊತ್ತು ನೋಡಿ, ಸೆರಗಿನಿಂದ ಅಂಚನ್ನು ಒರೆಸಿದಳು.

"ಆ ಕನ್ನಡಕ ತಗುದ್ಬುಡಿ ಅಣ್ಣ. ಅದು ನಮ್ದಲ್ಲ."

ತೆಗೆಯುವುದು ಕಷ್ಟವಲ್ಲ. ಫ್ರೇಮು ಕಪ್ಪಾದ್ದರಿಂದ ಪ್ಲೇಟಿನಲ್ಲಿ ಅದು ಬರಿಯ ತಿಳಿಗಾಜು. ಪೆನ್ಸಿಲು ಹಿಡಿಯುವಂತೆ ಅಂಟೆಣ್ಣೆ ಸವರಿ, ಚೂಪು ಪೆನ್ಸಿಲಿನಿಂದ ಚುಕ್ಕೆ ಚುಕ್ಕೆ ತುಂಬುತ್ತಾ ಹೋದರೆ ಪ್ರಿಂಟಿನಲ್ಲಿ ಅದು ಚರ್ಮದ ಬಣ್ಣಕ್ಕೆ ಬರುತ್ತದೆ. ಹುಬ್ಬಿನ ಮೂಳೆ, ಕೆನ್ನೆಯ ಏರು, ಕಿವಿಯ ಮೇಲಿನ ರಬ್ಬರ್ ಪಟ್ಟಿಯ ಜಾಗದಲ್ಲಿ ಕೂದಲು, ಇವೆಲ್ಲ ಅವನಿಗೆ ಚಿಕ್ಕಂದಿನಿಂದ ಗೊತ್ತಿದ್ದ ಜಾಗಗಳು. ನೋಡದೆಯೇ ಬರೆದ. ನಗು ಉಳಿದ ಕಣ್ಣನ್ನು ಮುಟ್ಟಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ವೀರಭದ್ರಸ್ವಾಮಿ ತಾವೇ ಸ್ಟುಡಿಯೋಕ್ಕೆ ಬಂದರು. ಕ್ಯಾಟಲಾಗಿನ ಎರಡನೆಯ ಮುದ್ರಣ. ಹಳೆಯ ಬ್ಲಾಕು ಸವೆದಿತ್ತು, ಮೂರನೆಯ ಪುಟಕ್ಕೆ ಹೊಸ ಪ್ರಿಂಟು ಬೇಕು. ಕುರ್ಚಿಯಲ್ಲಿ ಕೂತು, "ಪಾಪ, ಕಂಠಪ್ಪನ ಹಾಗೆ ನಿಲ್ಲೋನು ಇನ್ನೊಬ್ಬ ಸಿಗಲಿಲ್ಲ ನೋಡಪ್ಪ" ಎಂದರು. ನಿಜವಾದ ಮರುಕವೇ ಇತ್ತು ಮಾತಿನಲ್ಲಿ.

ಸಿದ್ದಮಲ್ಲಪ್ಪ ಒಳಗೆ ಹೋಗಿ ಪ್ರಿಂಟು ಹಾಕಿ ತಂದುಕೊಟ್ಟ. ಬಿಳಿ ಗೋಡೆ, ತೊಳೆದ ನೆಲ, ಚಕ್ರಕ್ಕೆ ಕವಚ, ಬೆಲ್ಟಿಗೆ ಬೇಲಿ. ನಡುವೆ ಬರಿಗಣ್ಣಿನ ಕಂಠಪ್ಪ.

"ಕನ್ನಡಕ ಎಲ್ಲಿ?"

"ಇಲ್ಲ ಯಜಮಾನ್ರೇ."

"ಇಲ್ಲ ಅಂದರೆ? ಈಗ ಕೊಳ್ಳೋವರೆಲ್ಲ ಅದನ್ನೇ ಮೊದಲು ನೋಡ್ತಾರೆ ಕಣಯ್ಯ. ಕನ್ನಡಕ ಇರಲೇಬೇಕು. ತಿದ್ದಿದ್ದನ್ನ ಒರೆಸೋಕೆ ಆಗಲ್ವಾ?"

ಹತ್ತಿಗೆ ಎರಡು ಹನಿ ಟರ್ಪೆಂಟೈನ್ ಹಾಕಿ ಒರೆಸಿದರೆ ಅರೆಗಳಿಗೆಯಲ್ಲಿ ಕನ್ನಡಕ ವಾಪಸು ಬರುತ್ತಿತ್ತು. ಬಾಟಲಿ ಕೈಗೆಟಕುವ ಕಪಾಟಿನಲ್ಲೇ ಇತ್ತು.

"ಆಗಲ್ಲ" ಎಂದ ಸಿದ್ದಮಲ್ಲಪ್ಪ. "ಒಂದ್ಸಲ ಓದ್ರೆ ಓಯ್ತು. ಅವ್ನು ಇಂಗೇ ತಾನೆ ಕೆಲ್ಸ ಮಾಡಿದ್ದು? ಇಂಗೇ ಇರ್ಲಿ."

ಸಾಹುಕಾರರು ಪ್ರಿಂಟನ್ನೂ ಅವನ ಮುಖವನ್ನೂ ಒಂದೊಂದು ಸಲ ನೋಡಿದರು. ಪ್ರಿಂಟನ್ನು ಮುದುಡದಂತೆ ಕಾಗದದಲ್ಲಿ ಸುತ್ತಿಕೊಂಡು ಹೋದರು.

ಹೊಸ ಕ್ಯಾಟಲಾಗು ಚಳಿಗಾಲದಲ್ಲಿ ಬಂತು. ಸಿದ್ದಮಲ್ಲಪ್ಪನಿಗೆ ಯಾರೂ ಕಳಿಸಲಿಲ್ಲ. ಹುಣಸೂರಿಗೆ ಮದುವೆಯ ಪಟಕ್ಕೆ ಹೋದವನು ಅಕ್ಕಿ ಗಿರಣಿಯಲ್ಲಿ ನೋಡಿದ. ಬ್ಲಾಕಿನವನು ಕುಂಚದಿಂದಲೇ ಹೊಸ ಕನ್ನಡಕ ಬರೆದಿದ್ದ. ಮೊದಲಿನದಕ್ಕಿಂತ ದಪ್ಪ, ಪಕ್ಕದ ಬಟ್ಟಲು, ತಲೆಯ ಪಟ್ಟಿ, ತಿರುಪಿನ ಬಳೆ ಎಲ್ಲ ಇದ್ದವು, ಒಂದೂ ತಪ್ಪಿಲ್ಲ. ಗಾಜಿನ ಬಿಳಿ ಹೊಳಪು ಈ ಸಲ ಹೆಚ್ಚು ಬಿದ್ದಿತ್ತು, ಅದರ ಹಿಂದೆ ಕಣ್ಣು ಕಾಣುತ್ತಿರಲಿಲ್ಲ.

"ಚೆನ್ನಾಗಿ ಬಂದೈತಲ್ವಾ?" ಎಂದರು ಗಿರಣಿಯವರು. "ನೀವೇ ತಗುದಿದ್ದಂತೆ?"

"ಅಲ್ಲ" ಎಂದ ಸಿದ್ದಮಲ್ಲಪ್ಪ. ಪುಸ್ತಕವನ್ನು ಮೊಳೆಗೆ ನೇತುಹಾಕಿ, ಕ್ಯಾಮರಾದ ಪೆಟ್ಟಿಗೆ ಎತ್ತಿಕೊಂಡು ಮದುವೆ ಮನೆಯ ಕಡೆ ನಡೆದ.